ಹೊರಬಿಡುವ ಉಸಿರಿನಲ್ಲಿ ಏನೇನಿದೆ? ಸಿರಿಂಜ್ ಹಿಡಿದು ಅಳೆದು ನೋಡುವ ಬಗೆ

"ಆಮ್ಲಜನಕ ಒಳಗೆಳೆದುಕೊಳ್ಳುತ್ತೇವೆ, ಕಾರ್ಬನ್ ಡೈಆಕ್ಸೈಡ್ ಹೊರಬಿಡುತ್ತೇವೆ." ಶಾಲೆಯಲ್ಲಿ ಕಲಿತ ಈ ಸಾಲು ಹೆಚ್ಚಿನವರ ನೆನಪಿನಲ್ಲಿ ಹಾಗೇ ಉಳಿದಿರುತ್ತದೆ. ಸಾಲು ಪೂರ್ತಿ ಸುಳ್ಳೇನಲ್ಲ. ಉಸಿರಾಟದಲ್ಲಿ ಏನು ಬದಲಾಗುತ್ತದೆ ಅನ್ನುವುದನ್ನು ಮಾತ್ರ ಅದು ಹೇಳುತ್ತದೆ. ಬದಲಾಗದೆ ಹಾಗೇ ವಾಪಸ್ ಬರುವುದರ ಬಗ್ಗೆ ಒಂದು ಮಾತೂ ಇಲ್ಲ. ಅದಕ್ಕೇ ಹೊರಬಿಡುವ ಉಸಿರು ಅಂದರೆ ಬರೀ ಕಾರ್ಬನ್ ಡೈಆಕ್ಸೈಡ್ ಅಂತ ತುಂಬಾ ಜನ ನಂಬಿಬಿಡುತ್ತಾರೆ.

ನಿಜವಾದ ಲೆಕ್ಕ ಹೀಗಿದೆ. ನೀರಾವಿಯನ್ನು ಸದ್ಯಕ್ಕೆ ಬದಿಗಿಟ್ಟು, ಒಣ ಗಾಳಿಯ ಲೆಕ್ಕ ಕೊಟ್ಟಿದ್ದೇನೆ.

| ಅನಿಲ | ಒಳಗೆ ಹೋಗುವ ಗಾಳಿ | ಹೊರಗೆ ಬರುವ ಗಾಳಿ |
|---|---|---|
| ಸಾರಜನಕ | ಸುಮಾರು 78% | 78ರಿಂದ 79% |
| ಆಮ್ಲಜನಕ | ಸುಮಾರು 21% | 16ರಿಂದ 17% |
| ಆರ್ಗಾನ್ | ಸುಮಾರು 0.9% | ಸುಮಾರು 0.9% |
| ಕಾರ್ಬನ್ ಡೈಆಕ್ಸೈಡ್ | ಸುಮಾರು 0.04% | ಸುಮಾರು 4% |

ಕೊನೆಯ ಸಾಲು ನೋಡಿ. ಕಾರ್ಬನ್ ಡೈಆಕ್ಸೈಡ್ ಹೆಚ್ಚುಕಡಿಮೆ ನೂರು ಪಟ್ಟು ಜಾಸ್ತಿಯಾಗಿದೆ. ಆದರೂ ಒಟ್ಟು ಗಾಳಿಯಲ್ಲಿ ಅದರ ಪಾಲು ಇಪ್ಪತ್ತೈದರಲ್ಲಿ ಒಂದು ಭಾಗ ಅಷ್ಟೇ. ಆಮ್ಲಜನಕ ಅದಕ್ಕಿಂತ ನಾಲ್ಕು ಪಟ್ಟು ಇನ್ನೂ ಉಳಿದಿದೆ. ನೂರು ಪಟ್ಟು ಏರಿದ್ದು ಹೌದು, ಸಣ್ಣ ಪಾಲು ಅನ್ನುವುದೂ ಹೌದು. ಇವೆರಡನ್ನೂ ಒಟ್ಟಿಗೆ ನೋಡದಿರುವುದೇ ಗೊಂದಲಕ್ಕೆ ಕಾರಣ.

ಈ ಅಂಕಿಗಳನ್ನು ನಂಬಿ ಅಂತ ಸುಮ್ನೆ ಹೇಳುವುದಕ್ಕಿಂತ ನೀವೇ ಅಳೆದು ನೋಡುವುದು ಒಳ್ಳೆಯದು. ತಿಳಿ ಸುಣ್ಣದ ನೀರಿಗೆ ಊದಿ, ಅದು ಹಾಲಿನಂತೆ ಬೆಳ್ಳಗಾಗುವುದನ್ನು ನೋಡುವ ಪ್ರಯೋಗ ಎಲ್ಲರಿಗೂ ಗೊತ್ತು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1750ರ ದಶಕದಲ್ಲೇ ಅದನ್ನು ಮಾಡಿ ತೋರಿಸಿದ್ದರು. ಆದರೆ ಅದರಲ್ಲೊಂದು ಕೊರತೆಯಿದೆ. ಸುಣ್ಣದ ನೀರು ಬೆಳ್ಳಗಾದರೆ ಕಾರ್ಬನ್ ಡೈಆಕ್ಸೈಡ್ ಇದೆ ಅಂತ ಗೊತ್ತಾಗುತ್ತದೆ, ಎಷ್ಟಿದೆ ಅಂತ ಗೊತ್ತಾಗುವುದಿಲ್ಲ. ಸಾರಜನಕವನ್ನಾಗಲೀ ಆಮ್ಲಜನಕವನ್ನಾಗಲೀ ಆ ನೀರು ಗುರುತಿಸುವುದೇ ಇಲ್ಲ. ತಪ್ಪು ನಂಬಿಕೆ ಗಟ್ಟಿಯಾಗಲು ಈ ಪ್ರಯೋಗವೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಅದನ್ನೇ ಸ್ವಲ್ಪ ಬದಲಿಸಿದರೆ "ಎಷ್ಟು" ಅನ್ನುವುದಕ್ಕೂ ಉತ್ತರ ಸಿಗುತ್ತದೆ.

ಬೇಕಾದ ಸಾಮಾನು

ಸೂಜಿ ಇಲ್ಲದ, 60 ಮಿ.ಲೀ. ಹಿಡಿಯುವ ಪ್ಲಾಸ್ಟಿಕ್ ಸಿರಿಂಜ್. ಒಂದರಿಂದ ಎರಡು ಲೀಟರ್ ಹಿಡಿಯುವ ಮೂರು ಜಿಪ್ ಚೀಲಗಳು. ಸ್ಟ್ರಾ, ಅಂಟುಪಟ್ಟಿ, ಸಿರಿಂಜಿನ ತುದಿಯನ್ನೂ ಸ್ಟ್ರಾವನ್ನೂ ಸೇರಿಸಲು ಒಂದು ತುಂಡು ರಬ್ಬರ್ ಕೊಳವೆ. ಸುಣ್ಣ, ಅಡುಗೆ ಸೋಡಾ, ವಿನೆಗರ್. ಕಣ್ಣಿಗೆ ರಕ್ಷಣೆಯ ಕನ್ನಡಕ ಮತ್ತು ಕೈಗವಸು ಖಂಡಿತ ಇರಲಿ. ಸುಣ್ಣದ ನೀರು ತಿಳಿಯಾಗಿ ಕಂಡರೂ ಕಣ್ಣಿಗೆ ಬಿದ್ದರೆ ಕೆಟ್ಟದಾಗಿ ಉರಿಯುತ್ತದೆ.

ಸುಣ್ಣದ ನೀರು ಮಾಡುವುದು ಸುಲಭ. ಅರಳಿದ ಸುಣ್ಣವನ್ನು ಒಂದು ಲೀಟರ್ ನೀರಿಗೆ ಎರಡು ಚಮಚದಷ್ಟು ಹಾಕಿ ಕಲಕಿ. ಬಾಟಲಿಯ ಕುತ್ತಿಗೆವರೆಗೂ ನೀರು ತುಂಬಿ, ಮುಚ್ಚಳ ಬಿಗಿದು ಒಂದು ರಾತ್ರಿ ಬಿಡಿ. ಒಂದು ಲೀಟರ್ ನೀರಿನಲ್ಲಿ ಕರಗುವುದು ಒಂದೂವರೆ ಗ್ರಾಂ ಚಿಲ್ಲರೆ ಸುಣ್ಣ ಮಾತ್ರ. ಉಳಿದದ್ದು ತಳದಲ್ಲಿ ಕೂರುತ್ತದೆ. ಮೇಲಿನ ತಿಳಿಯನ್ನು ಅಲುಗಾಡಿಸದೆ ಬೇರೆ ಬಾಟಲಿಗೆ ಬಗ್ಗಿಸಿಕೊಳ್ಳಿ. ತೆರೆದಿಟ್ಟರೆ ಕೋಣೆಯ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಮೇಲೆ ಬಿಳಿ ಕೆನೆ ಕಟ್ಟುತ್ತದೆ. ಅಂಥ ನೀರು ಈ ಕೆಲಸಕ್ಕೆ ಬೇಡ.

ಮೊದಲ ಹಂತ: ಮೂರು ಚೀಲ ತುಂಬಿಸುವುದು

ಮೊದಲ ಚೀಲದಲ್ಲಿ ಕೋಣೆಯ ಗಾಳಿ ಹಿಡಿಯಿರಿ. ಒಳಗೆ ನಾಲ್ಕೈದು ಹನಿ ನೀರು ಹಾಕಿ ಚೆನ್ನಾಗಿ ಅಲುಗಾಡಿಸಿ. ಈ ಹನಿ ನೀರು ಯಾಕೆ ಅಂತ ಕೇಳಬಹುದು. ಉಸಿರು ಯಾವಾಗಲೂ ತೇವವಾಗಿರುತ್ತದೆ, ಕೋಣೆಯ ಗಾಳಿ ಅಷ್ಟಿರುವುದಿಲ್ಲ. ಒಣ ಗಾಳಿ ಸುಣ್ಣದ ನೀರಿಗೆ ತಾಗಿದ ಕೂಡಲೇ ಆವಿ ತುಂಬಿಕೊಂಡು ಸ್ವಲ್ಪ ಹಿಗ್ಗುತ್ತದೆ. ಆಗ ಹೋಲಿಕೆ ಸರಿಯಾಗುವುದಿಲ್ಲ.

ಎರಡನೆಯದು ನಿಮ್ಮ ಉಸಿರು. ಚೀಲದ ಗಾಳಿಯನ್ನೆಲ್ಲ ಒತ್ತಿ ತೆಗೆದು, ಚೀಲದ ಬಾಯಿಗೆ ಸ್ಟ್ರಾ ಇಟ್ಟು ಸುತ್ತ ಅಂಟುಪಟ್ಟಿ ಹಚ್ಚಿ. ಮಾಮೂಲಿ ಉಸಿರೆಳೆದುಕೊಂಡು, ತಡೆಹಿಡಿಯದೆ ಸ್ಟ್ರಾದಲ್ಲಿ ಊದಿ. ಎರಡು ಮೂರು ಉಸಿರು ಸಾಕು. ಊದುವಾಗ ಮಾತ್ರ ಸ್ಟ್ರಾ ಬಾಯಲ್ಲಿರಲಿ. ಒಳಗೆಳೆದುಕೊಳ್ಳುವಾಗ ಅದನ್ನು ತೆಗೆದು ಮಡಚಿ ಹಿಡಿಯಿರಿ. ಚೀಲದ ಗಾಳಿಯನ್ನೇ ಮತ್ತೆ ಮತ್ತೆ ಉಸಿರಾಡಿದರೆ ಲೆಕ್ಕ ಕೆಡುತ್ತದೆ, ತಲೆ ಸುತ್ತುವ ಅಪಾಯವೂ ಇದೆ. ಯಾವ ಕಾರಣಕ್ಕೂ ಚೀಲವನ್ನು ಮುಖಕ್ಕೆ ಹಾಕಿಕೊಳ್ಳಬಾರದು.

ಮೂರನೆಯದರಲ್ಲಿ ಹೆಚ್ಚುಕಡಿಮೆ ಅಪ್ಪಟ ಕಾರ್ಬನ್ ಡೈಆಕ್ಸೈಡ್ ಬೇಕು. ಎರಡು ಲೀಟರ್ ಚೀಲದ ಒಂದು ಮೂಲೆಗೆ ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿ, ಆ ಮೂಲೆಯನ್ನು ಬೆರಳಲ್ಲಿ ಹಿಸುಕಿ ಹಿಡಿಯಿರಿ. ಇನ್ನೊಂದು ಮೂಲೆಗೆ 50 ಮಿ.ಲೀ. ವಿನೆಗರ್ ಹಾಕಿ. ಗಾಳಿ ಒತ್ತಿ ತೆಗೆದು, ಇದಕ್ಕೂ ಸ್ಟ್ರಾ ಅಂಟಿಸಿ, ಅದರ ತುದಿ ಮಡಚಿ ಚೀಲ ಮುಚ್ಚಿದ ಮೇಲೆ ಎರಡನ್ನೂ ಬೆರೆಸಿ. ನೊರೆ ಎದ್ದು ಚೀಲ ಉಬ್ಬುತ್ತದೆ. ಅರ್ಧ ಲೀಟರಿನ ಆಸುಪಾಸು ಅನಿಲ ಸಿಗುತ್ತದೆ, ನಮಗೆ ಅಷ್ಟು ಧಾರಾಳ. ಸೋಡಾ ಜಾಸ್ತಿ ಹಾಕಿದರೆ ಚೀಲ ಒಡೆಯಬಹುದು.

ಈಗ ಮೂರೂ ಚೀಲಗಳನ್ನು ಹತ್ತು ನಿಮಿಷ ಒಂದೇ ಕಡೆ ಇಡಿ. ಸುಣ್ಣದ ನೀರೂ ಅಲ್ಲೇ ಇರಲಿ. ಆತುರಕ್ಕೆ ಇದನ್ನು ಬಿಟ್ಟರೆ ಇಡೀ ಪ್ರಯೋಗ ಹಾಳು. ಉಸಿರು ಬಾಯಿಂದ ಬರುವಾಗ 34 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅದು 25 ಡಿಗ್ರಿಗೆ ತಣಿಯುವಷ್ಟರಲ್ಲಿ ಗಾಳಿ 3% ಕುಗ್ಗುತ್ತದೆ. ಜೊತೆಗೆ ನೀರಾವಿಯ ಒಂದು ಪಾಲು ಹನಿಯಾಗಿ ಚೀಲದ ಗೋಡೆಗೆ ಅಂಟುತ್ತದೆ. ನಾವು ಹುಡುಕುತ್ತಿರುವ ಬದಲಾವಣೆಯೇ 4%. ಬಿಸಿ ಉಸಿರಿನಲ್ಲಿ ಅಳೆದರೆ ತಣಿದು ಕುಗ್ಗಿದ್ದನ್ನೂ ಕಾರ್ಬನ್ ಡೈಆಕ್ಸೈಡ್ ಅಂತಲೇ ಎಣಿಸಿಬಿಡುತ್ತೇವೆ.

ಆ ಹತ್ತು ನಿಮಿಷದಲ್ಲಿ ಎರಡನೇ ಚೀಲದ ಒಳಗೋಡೆ ಮಂಜಾಗುವುದನ್ನು ಗಮನಿಸಿ. ಹೊರಬಿಡುವ ಉಸಿರಿನಲ್ಲಿ ನೀರಾವಿಯ ಪಾಲು 5ರಿಂದ 6%. ಅಂದರೆ ಕಾರ್ಬನ್ ಡೈಆಕ್ಸೈಡಿಗಿಂತ ನೀರಾವಿಯೇ ಜಾಸ್ತಿ!

ಎರಡನೇ ಹಂತ: ಸಿರಿಂಜಿನಲ್ಲಿ ಅಳೆಯುವುದು

ಕೋಣೆಯ ಗಾಳಿಯಿಂದ ಶುರುಮಾಡಿ. ಚೀಲದಿಂದ ಸರಿಯಾಗಿ 40 ಮಿ.ಲೀ. ಗಾಳಿ ಸಿರಿಂಜಿಗೆ ಎಳೆದುಕೊಳ್ಳಿ. ಕೂಡಲೇ ತುದಿಯನ್ನು ಸುಣ್ಣದ ನೀರಿನಲ್ಲಿ ಅದ್ದಿ 10 ಮಿ.ಲೀ. ನೀರನ್ನೂ ಎಳೆದುಕೊಳ್ಳಿ. ಈಗ ಒಳಗಿನ ದಂಡ 50ರ ಗೆರೆಯಲ್ಲಿರುತ್ತದೆ. ತುದಿಯನ್ನು ಕೈಗವಸಿನ ಬೆರಳಿನಿಂದ ಒತ್ತಿ ಮುಚ್ಚಿ. ದಂಡ ಜರುಗದಂತೆ ಹಿಡಿದು ಒಂದು ನಿಮಿಷ ಜೋರಾಗಿ ಅಲುಗಾಡಿಸಿ. ಹಿಡಿಯುವಾಗ ಸಿರಿಂಜಿನ ಅಂಚು ಹಿಡಿಯಿರಿ, ಮೈಯನ್ನು ಮುಷ್ಟಿಯಲ್ಲಿ ಹಿಡಿದರೆ ಕೈ ಬಿಸಿಗೆ ಗಾಳಿ ಹಿಗ್ಗುತ್ತದೆ.

ಇನ್ನು ಮುಖ್ಯ ಕೆಲಸ. ಒಂದು ಲೋಟ ಮಾಮೂಲಿ ನೀರಿನಲ್ಲಿ ಸಿರಿಂಜಿನ ತುದಿಯನ್ನು ಕೆಳಮುಖವಾಗಿ ಅದ್ದಿ, ನೀರಿನೊಳಗೇ ಬೆರಳು ತೆಗೆಯಿರಿ. ಸುಣ್ಣದ ನೀರು ಎಷ್ಟು ಅನಿಲ ನುಂಗಿದೆಯೋ ಅಷ್ಟು ಜಾಗ ಒಳಗೆ ಖಾಲಿಯಾಗಿರುತ್ತದೆ. ಆ ಜಾಗಕ್ಕೆ ಲೋಟದ ನೀರು ತಾನಾಗಿ ನುಗ್ಗುತ್ತದೆ. ಮೊದಲು 10ರ ಗೆರೆಯಲ್ಲಿದ್ದ ನೀರಿನ ಮಟ್ಟ ಎಷ್ಟಕ್ಕೆ ಏರಿತು ಅಂತ ಓದಿಕೊಳ್ಳಿ. ದಂಡ 50ರಲ್ಲೇ ಇರಬೇಕು.

ಕೋಣೆಯ ಗಾಳಿಯಲ್ಲಿ ಮಟ್ಟ ಹೆಚ್ಚುಕಡಿಮೆ ಅಲುಗುವುದಿಲ್ಲ. 40 ಮಿ.ಲೀ. ಗಾಳಿಯಲ್ಲಿ ಇರುವುದೇ ಒಂದು ಮಿ.ಲೀ.ನ ಅರವತ್ತನೇ ಒಂದು ಭಾಗದಷ್ಟು ಕಾರ್ಬನ್ ಡೈಆಕ್ಸೈಡ್. ಇಲ್ಲಿ ಮಟ್ಟ ಒಂದು ಗೆರೆ ಏರಿದರೂ ಎಲ್ಲೋ ಸೋರಿಕೆ ಇದೆ, ಇಲ್ಲವೇ ಬಿಸಿಯ ವ್ಯತ್ಯಾಸ ಇದೆ ಅಂತ ಅರ್ಥ. ಅದನ್ನು ಸರಿಮಾಡಿಯೇ ಮುಂದೆ ಹೋಗಿ.

ಆಮೇಲೆ ಉಸಿರಿನ ಚೀಲ. ಸಿರಿಂಜ್ ತೊಳೆದು, ಹೊಸ ಸುಣ್ಣದ ನೀರಿನಲ್ಲಿ ಅದೇ ಕ್ರಮ. ಅಲುಗಾಡಿಸುತ್ತಿದ್ದಂತೆ ನೀರು ಬೆಳ್ಳಗಾಗುತ್ತದೆ. ತುದಿ ತೆರೆದಾಗ ಮಟ್ಟ ಏರುವುದು ಸುಮಾರು ಒಂದೂವರೆ ಗೆರೆ ಮಾತ್ರ. 40ರಲ್ಲಿ 1.5 ಅಂದರೆ ನೂರಕ್ಕೆ ನಾಲ್ಕರ ಹತ್ತಿರ. ಉಳಿದ 38 ಮಿ.ಲೀ. ಚಿಲ್ಲರೆ ಅನಿಲವನ್ನು ಸುಣ್ಣದ ನೀರು ಮುಟ್ಟಲೇ ಇಲ್ಲ. ಓದುವುದರಲ್ಲಿ ಅರ್ಧ ಗೆರೆ ಆಚೀಚೆ ಆಗುವುದು ಸಹಜ. ಹಾಗಾಗಿ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಸುಣ್ಣದ ನೀರಿನ ಶಕ್ತಿ ಮುಗಿದುಹೋಗಿ ಏರಿಕೆ ಅಲ್ಲಿಗೇ ನಿಂತಿರಬಹುದಲ್ವಾ ಅನ್ನುವ ಅನುಮಾನ ಬರಬೇಕು. ಮೂರನೇ ಚೀಲ ಇರುವುದೇ ಅದಕ್ಕೆ. ಅದರಿಂದ 40 ಮಿ.ಲೀ. ತೆಗೆದುಕೊಳ್ಳಿ. ವಿನೆಗರ್ ಮಾತ್ರ ಒಂದು ಹನಿಯೂ ಒಳಗೆ ಬರಬಾರದು, ಬಂದರೆ ಸುಣ್ಣದ ಶಕ್ತಿ ಕಡಿಮೆಯಾಗುತ್ತದೆ. ಈ ಸಲ ತುದಿ ತೆರೆದ ಕೂಡಲೇ ನೀರು ರಭಸದಿಂದ ನುಗ್ಗಿ 10 ಮಿ.ಲೀ.ನ ಆಸುಪಾಸು ಏರುತ್ತದೆ. ಐದು ಮಿ.ಲೀ.ನಷ್ಟು ಅನಿಲ ಸುಣ್ಣದ ಜೊತೆ ಸೇರಿ ಬಿಳಿ ಪುಡಿಯಾಗಿರುತ್ತದೆ, ಇನ್ನಷ್ಟು ನೀರಿನಲ್ಲೇ ಕರಗಿರುತ್ತದೆ. 40 ಮಿ.ಲೀ. ಪೂರ್ತಿ ಮಾಯವಾಗುವುದಿಲ್ಲ, ಅಷ್ಟನ್ನು ನುಂಗಲು 10 ಮಿ.ಲೀ. ಸುಣ್ಣದ ನೀರಿಗೆ ಆಗುವುದಿಲ್ಲ. ಆದರೆ ಉಸಿರಿನ 1.5 ಎಲ್ಲಿ, ಇದು ಎಲ್ಲಿ? ಹೊರಬಿಡುವ ಉಸಿರು ಬರೀ ಕಾರ್ಬನ್ ಡೈಆಕ್ಸೈಡ್ ಆಗಿದ್ದರೆ ಎರಡೂ ಚೀಲ ಒಂದೇ ಥರ ವರ್ತಿಸಬೇಕಿತ್ತು. ಸುಣ್ಣದ ನೀರು ಬೆಳ್ಳಗಾಗುವುದನ್ನಷ್ಟೇ ನೋಡಿದ್ದರೆ ಎರಡರ ನಡುವೆ ವ್ಯತ್ಯಾಸವೇ ಕಾಣುತ್ತಿರಲಿಲ್ಲ.

ಮೂರನೇ ಹಂತ: ಉಳಿದದ್ದರಲ್ಲಿ ಆಮ್ಲಜನಕ ಎಷ್ಟು?

ಇದಕ್ಕೆ ಜಾಡಿಯಲ್ಲಿ ಉಸಿರು ಹಿಡಿದು ಮೇಣದಬತ್ತಿ ಇಳಿಸುವ ಪ್ರಯೋಗವನ್ನು ಹಲವರು ಮಾಡಿಸುತ್ತಾರೆ. ಬತ್ತಿ ಬೇಗ ಆರುತ್ತದೆ, ನೋಡುವವರು "ಆಮ್ಲಜನಕ ಇಲ್ಲ" ಅಂದುಬಿಡುತ್ತಾರೆ. ಅದು ತಪ್ಪು. ಆಮ್ಲಜನಕ ಸುಮಾರು 16%ಕ್ಕೆ ಇಳಿದರೆ ಸಾಕು, ಮೇಣದಬತ್ತಿ ಆರುತ್ತದೆ. ಉಸಿರು ಅದೇ ಅಂಚಿನಲ್ಲಿದೆ. ಹಾಗಾಗಿ ಈ ಪ್ರಶ್ನೆಗೆ ಬತ್ತಿಯನ್ನು ನಂಬಬೇಡಿ.

ತುಕ್ಕು ಹಿಡಿಸುವ ವಿಧಾನ ನಿಧಾನ, ಆದರೆ ನಂಬಬಹುದು. ಕಬ್ಬಿಣ ತುಕ್ಕು ಹಿಡಿಯುವಾಗ ಗಾಳಿಯ ಆಮ್ಲಜನಕವನ್ನು ಮಾತ್ರ ಹೀರಿಕೊಳ್ಳುತ್ತದೆ. ಉಸಿರಿನಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಮೊದಲೇ ತೆಗೆಯಬೇಕು. ಇಲ್ಲದಿದ್ದರೆ ಅದೂ ನೀರಿನಲ್ಲಿ ಕರಗಿ, ಕಡಿಮೆಯಾದದ್ದೆಲ್ಲ ಆಮ್ಲಜನಕವೇ ಅನ್ನುವಂತೆ ಕಾಣುತ್ತದೆ. ಅರ್ಧ ಲೀಟರ್ ಉಸಿರಿರುವ ಚೀಲಕ್ಕೆ 100 ಮಿ.ಲೀ. ಸುಣ್ಣದ ನೀರು ಹಾಕಿ ಎರಡು ನಿಮಿಷ ಅಲುಗಾಡಿಸಿದರೆ ಆ ಕೆಲಸ ಮುಗಿಯುತ್ತದೆ.

ಉಕ್ಕಿನ ನಾರನ್ನು ಐದು ನಿಮಿಷ ವಿನೆಗರಿನಲ್ಲಿ ನೆನೆಸಿ. ಎಣ್ಣೆ ಪಸೆ ಹೋಗಲಿ ಅಂತ ಇದು. ನೀರಿನಲ್ಲಿ ತೊಳೆದು ಕೊಡವಿ, 100 ಮಿ.ಲೀ. ಅಳತೆ ಜಾಡಿಯ ತಳಕ್ಕೆ ಸಡಿಲವಾಗಿ ತುರುಕಿ. ಜಾಡಿಗೆ ನೀರು ತುಂಬಿ, ನಾರಿನಲ್ಲಿ ಸಿಕ್ಕಿದ ಗುಳ್ಳೆಗಳನ್ನು ತಟ್ಟಿ ಹೊರಡಿಸಿ, ನೀರಿನ ಬಟ್ಟಲಲ್ಲಿ ತಲೆಕೆಳಗಾಗಿ ನಿಲ್ಲಿಸಿ. ಸಿರಿಂಜಿನಿಂದ ಚೀಲದ ಗಾಳಿಯನ್ನು ಕೊಳವೆ ಮೂಲಕ ಜಾಡಿಯೊಳಗೆ ಬಿಡಿ, ಸುಮಾರು 80 ಮಿ.ಲೀ. ಬರಲಿ. ಪಕ್ಕದಲ್ಲಿ ಇನ್ನೊಂದು ಜಾಡಿಯಲ್ಲಿ ಕೋಣೆಯ ಗಾಳಿ ಅಷ್ಟೇ ಇಡಿ. ಎರಡರ ಮಟ್ಟವನ್ನೂ ಬರೆದುಕೊಂಡು ಮರುದಿನದವರೆಗೆ ಬಿಡಿ. ಓದುವಾಗ ಜಾಡಿಯನ್ನು ಎತ್ತಿ ಇಳಿಸಿ, ಒಳಗಿನ ನೀರೂ ಹೊರಗಿನ ನೀರೂ ಒಂದೇ ಮಟ್ಟಕ್ಕೆ ಬರುವಂತೆ ಮಾಡಿಕೊಳ್ಳಿ.

ಕೋಣೆಯ ಗಾಳಿ 80ರಿಂದ 63ರ ಹತ್ತಿರಕ್ಕೆ ಇಳಿದಿರುತ್ತದೆ. ಉಸಿರು 66ರ ಹತ್ತಿರ ನಿಂತಿರುತ್ತದೆ. ಮೊದಲನೆಯದರಲ್ಲಿ 17 ಮಿ.ಲೀ. ಆಮ್ಲಜನಕ ಇತ್ತು, ಎರಡನೆಯದರಲ್ಲಿ 14. ನಮ್ಮ ದೇಹದ ಒಳಗೆಲ್ಲ ಸುತ್ತಿ ಬಂದ ಗಾಳಿಯಲ್ಲೂ ಇಷ್ಟು ಉಳಿದಿದೆ. ಬಾಯಿಂದ ಬಾಯಿಗೆ ಉಸಿರು ಕೊಟ್ಟು ಒಬ್ಬರನ್ನು ಉಳಿಸಲು ಸಾಧ್ಯವಾಗುವುದು ಇದರಿಂದಲೇ. ಅದು ಅಪ್ಪಟ ಕಾರ್ಬನ್ ಡೈಆಕ್ಸೈಡ್ ಆಗಿದ್ದರೆ ಕೊಡುವುದೇ ಅಪಾಯವಾಗುತ್ತಿತ್ತು. ಗಾಳಿಯಲ್ಲಿ ಅದು 10%ಕ್ಕೆ ಏರಿದರೂ ಮನುಷ್ಯ ಸ್ವಲ್ಪ ಹೊತ್ತಿನಲ್ಲೇ ಪ್ರಜ್ಞೆ ತಪ್ಪುತ್ತಾನೆ.

ಎರಡು ದಿನ ಬಿಟ್ಟರೂ ಮಟ್ಟ ಬದಲಾಗದಿದ್ದರೆ ನಾರಿಗೆ ಎಣ್ಣೆ ಅಥವಾ ಮೇಣದ ಲೇಪ ಉಳಿದಿದೆ, ಇಲ್ಲವೇ ಅದು ತುಕ್ಕು ಹಿಡಿಯದ ಉಕ್ಕು.

ಒಂದು ಉಸಿರಿನ ಲೆಕ್ಕ

ಅಳತೆ ಸಿಕ್ಕಿತು. ಅದು ಹಾಗೆಯೇ ಯಾಕೆ ಬರುತ್ತದೆ ಅಂತ ಒಂದು ಉಸಿರನ್ನು ಹಿಡಿದು ನೋಡೋಣ. ಸುಮ್ಮನೆ ಕೂತಿರುವ ದೊಡ್ಡವರು ಒಂದು ಸಲಕ್ಕೆ ಅರ್ಧ ಲೀಟರಿನಷ್ಟು ಗಾಳಿ ಎಳೆದುಕೊಳ್ಳುತ್ತಾರೆ, ನಿಮಿಷಕ್ಕೆ 12 ಸಲ ಅಂತಿಟ್ಟುಕೊಳ್ಳಿ. ಅವರ ದೇಹ ನಿಮಿಷಕ್ಕೆ ಸುಮಾರು 250 ಮಿ.ಲೀ. ಆಮ್ಲಜನಕ ಬಳಸಿ, 200 ಮಿ.ಲೀ. ಕಾರ್ಬನ್ ಡೈಆಕ್ಸೈಡ್ ಕೊಡುತ್ತದೆ. 12ರಿಂದ ಭಾಗಿಸಿದರೆ ಒಂದು ಉಸಿರಿಗೆ 21 ಮಿ.ಲೀ. ಆಮ್ಲಜನಕ ಹೋಯಿತು, 17 ಮಿ.ಲೀ. ಕಾರ್ಬನ್ ಡೈಆಕ್ಸೈಡ್ ಬಂತು.

ಒಳಗೆ ಹೋದ 500 ಮಿ.ಲೀ.ನಲ್ಲಿ 390 ಸಾರಜನಕ, 105 ಆಮ್ಲಜನಕ, ಸುಮಾರು 5 ಆರ್ಗಾನ್. ಕಾರ್ಬನ್ ಡೈಆಕ್ಸೈಡ್ ಬರೀ 0.2. ಹೊರಗೆ ಬಂದದ್ದರಲ್ಲಿ 390 ಸಾರಜನಕ ಹಾಗೇ ಇದೆ, ಆರ್ಗಾನ್ ಕೂಡ ಹಾಗೇ. ದೇಹಕ್ಕೆ ಅವೆರಡನ್ನೂ ಬಳಸಲು ಬರುವುದಿಲ್ಲ. ಆಮ್ಲಜನಕ 105ರಿಂದ 84ಕ್ಕೆ ಇಳಿದಿದೆ. ಕಾರ್ಬನ್ ಡೈಆಕ್ಸೈಡ್ 17. ಕೂಡಿಸಿದರೆ 496. ಅದರಲ್ಲಿ ಆಮ್ಲಜನಕ 17%ರಷ್ಟು, ಕಾರ್ಬನ್ ಡೈಆಕ್ಸೈಡ್ 3.4%. ಆಳವಾಗಿ, ನಿಧಾನವಾಗಿ ಉಸಿರಾಡುವವರಲ್ಲಿ ಇದು ನಾಲ್ಕನ್ನು ದಾಟುತ್ತದೆ.

500 ಹೋಗಿ 496 ಬಂತು, ಉಳಿದ ನಾಲ್ಕು ಎಲ್ಲಿ? ಬಳಸಿದ ಆಮ್ಲಜನಕವೆಲ್ಲ ಕಾರ್ಬನ್ ಡೈಆಕ್ಸೈಡ್ ಆಗಿ ವಾಪಸ್ ಬರುವುದಿಲ್ಲ. ದೇಹ ಸಕ್ಕರೆಯನ್ನಷ್ಟೇ ಉರಿಸಿದರೆ ಲೆಕ್ಕ ಸಮ:

```
C6H12O6 + 6O2 → 6CO2 + 6H2O
```

ಆರು ಹೋಗಿ ಆರು ಬರುತ್ತದೆ. ಆದರೆ ಕೊಬ್ಬಿನಲ್ಲಿ ಸಕ್ಕರೆಗಿಂತ ಆಮ್ಲಜನಕ ತುಂಬಾ ಕಡಿಮೆ. ಅದರ ಜಲಜನಕವನ್ನು ನೀರಾಗಿಸಲು ಹೊರಗಿನ ಆಮ್ಲಜನಕವೇ ಬೇಕು. ಆ ಪಾಲು ನೀರಿಗೆ ಸೇರಿಹೋಗುತ್ತದೆ. ಹೀಗೆ ಒಟ್ಟು ಗಾಳಿ ಸ್ವಲ್ಪ ಕುಗ್ಗುವುದರಿಂದ ಸಾರಜನಕದ ಶೇಕಡಾ ತುಸು ಏರಿದಂತೆ ಕಾಣುತ್ತದೆ. ಮೇಲಿನ ಕೋಷ್ಟಕದಲ್ಲಿ 78 ಇದ್ದದ್ದು 79ರ ಕಡೆಗೆ ಹೋಗಿದ್ದು ಹೀಗೆ. ದೇಹ ಸಾರಜನಕ ಹುಟ್ಟಿಸಿದ್ದಲ್ಲ.

ಅಳತೆ ತಪ್ಪಿಸುವ ಇನ್ನೆರಡು ಸಂಗತಿ

ಒಂದೇ ಉಸಿರಿನ ಮೊದಲ ಭಾಗವೂ ಕೊನೆಯ ಭಾಗವೂ ಒಂದೇ ಅಲ್ಲ. ಒಳಗೆ ಹೋದ 500ರಲ್ಲಿ ಸುಮಾರು 150 ಮಿ.ಲೀ. ಮೂಗು, ಗಂಟಲು, ಶ್ವಾಸನಾಳದಲ್ಲೇ ನಿಂತಿರುತ್ತದೆ. ರಕ್ತಕ್ಕೆ ತಾಗುವ ಗಾಳಿಗೂಡುಗಳನ್ನು ಅದು ತಲುಪಿರುವುದೇ ಇಲ್ಲ. ಹೊರಬಿಡುವಾಗ ಮೊದಲು ಬರುವುದು ಇದೇ. ಬೆಚ್ಚಗಾಗಿ ತೇವವಾಗಿರುತ್ತದೆ, ಉಳಿದಂತೆ ಕೋಣೆಯ ಗಾಳಿಯೇ. ಕೊನೆಗೆ ಬರುವ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ 5%ರ ಮೇಲೆ, ಆಮ್ಲಜನಕ 14%ರ ಆಸುಪಾಸು. ಉಸಿರಿನ ಮೊದಲರ್ಧವನ್ನು ಒಂದು ಚೀಲಕ್ಕೆ, ಕೊನೆಯರ್ಧವನ್ನು ಇನ್ನೊಂದಕ್ಕೆ ಊದಿ ಸಿರಿಂಜಿನಲ್ಲಿ ಅಳೆದರೆ ವ್ಯತ್ಯಾಸ ಕಾಣುತ್ತದೆ. ನಿಮ್ಮ ಅಳತೆ 2 ಮಿ.ಲೀ. ದಾಟಿ ಬಂದಿದ್ದರೆ ಉಸಿರು ತಡೆಹಿಡಿದು ಊದಿರಬೇಕು, ಇಲ್ಲವೇ ಶ್ವಾಸಕೋಶ ಪೂರ್ತಿ ಖಾಲಿಯಾಗುವವರೆಗೆ ಊದಿರಬೇಕು.

ಇನ್ನೊಂದು, ಕೋಣೆಯ ಗಾಳಿ ನೋಡಲು ಬಳಸುವ ಕಾರ್ಬನ್ ಡೈಆಕ್ಸೈಡ್ ಮೀಟರ್. ಅದಕ್ಕೆ ಊದಿದರೆ ಅಂಕಿ ಸರ್ರನೆ ಮೇಲಕ್ಕೇರಿ ಒಂದು ಕಡೆ ನಿಂತುಬಿಡುತ್ತದೆ. ಅಂಥ ಹೆಚ್ಚಿನ ಮೀಟರುಗಳು 5,000 ಅಥವಾ 10,000 ಪಿಪಿಎಂವರೆಗೆ ಮಾತ್ರ ತೋರಿಸುತ್ತವೆ. 4% ಅಂದರೆ 40,000 ಪಿಪಿಎಂ. ಪರದೆಯ ಮೇಲೆ ನಿಂತ ಅಂಕಿ ಮೀಟರಿನ ಮಿತಿ, ಉಸಿರಿನ ಅಳತೆ ಅಲ್ಲ. ಉಸಿರಿಗೆ ಮೀಟರ್ ಬಳಸಲೇಬೇಕಿದ್ದರೆ 10%ವರೆಗೆ ಅಳೆಯಬಲ್ಲ ಸಂವೇದಕವನ್ನು ಹುಡುಕಿ. ಜೊತೆಗೆ ಆಮ್ಲಜನಕದ ಸಂವೇದಕವನ್ನೂ ಇಟ್ಟುಕೊಂಡರೆ ಚೀಲ ಬದಲಿಸಿದ ಹಾಗೆ ಒಂದು ಇಳಿಯುವುದನ್ನೂ ಇನ್ನೊಂದು ಏರುವುದನ್ನೂ ಒಟ್ಟಿಗೆ ಓದಬಹುದು. ಶುರುಮಾಡುವ ಮೊದಲು ಹೊರಗಿನ ಗಾಳಿಯಲ್ಲಿ ಅದು 20.9 ತೋರಿಸುತ್ತಿದೆಯೇ ಅಂತ ನೋಡಿಕೊಳ್ಳಿ.